ಎರಡನೇ ಸೆಮಿಸ್ಟರ್ ಲ್ಯಾಬ್ ಆಂತರಿಕ ಅಂಕಪಟ್ಟಿಯ ಸೂತ್ರದಲ್ಲಿನ ತಪ್ಪು ಮತ್ತು ತಿದ್ದಿದ ಗ್ರೇಡುಗಳ ಬಗ್ಗೆ ವಿಭಾಗದ ಮುಖ್ಯಸ್ಥರಿಗೆ ಪತ್ರ

ದಿನಾಂಕ: 12-05-2025

ಇಂದ,
ಪ್ರಯೋಗಾಲಯ ಸಹಾಯಕ,
ಭೌತಶಾಸ್ತ್ರ ವಿಭಾಗ.

ಗೆ,
ವಿಭಾಗದ ಮುಖ್ಯಸ್ಥರು,
ಭೌತಶಾಸ್ತ್ರ ವಿಭಾಗ.

ವಿಷಯ: ಬಿ.ಎಸ್ಸಿ. ಎರಡನೇ ಸೆಮಿಸ್ಟರ್ ಪ್ರಾಯೋಗಿಕ ಆಂತರಿಕ ಅಂಕಗಳ (25 ಅಂಕ) ಎಕ್ಸೆಲ್ ಪಟ್ಟಿಯಲ್ಲಿ ಸೂತ್ರ ತಪ್ಪಿರುವುದು ಹಾಗೂ ತಿದ್ದಿದ ಪಟ್ಟಿಗೆ ಅನುಮೋದನೆ ಕೋರಿ.

ಉಲ್ಲೇಖ: 08-05-2025ರಂದು ಸೂಚನಾ ಫಲಕದಲ್ಲಿ ಹಾಕಿದ ಅಂಕಪಟ್ಟಿ.

ಮಾನ್ಯರೇ,

ಉಲ್ಲೇಖಿತ ಪಟ್ಟಿಯಲ್ಲಿ 46 ವಿದ್ಯಾರ್ಥಿಗಳ ಪೈಕಿ 9 ಮಂದಿಯ ಒಟ್ಟು ಅಂಕ ತಪ್ಪಾಗಿದೆ. ಅವರಲ್ಲಿ 7 ಮಂದಿಗೆ ಹೆಚ್ಚು ಬಿದ್ದಿದೆ, 2 ಮಂದಿಗೆ ಕಡಿಮೆ. 6 ಮಂದಿಯ ಗ್ರೇಡ್ ಬದಲಾಗುತ್ತದೆ. ಯಾರೂ ಅನುತ್ತೀರ್ಣರಾಗುವುದಿಲ್ಲ. ಯುಯುಸಿಎಂಎಸ್ ಪೋರ್ಟಲ್‌ಗೆ ಅಂಕಗಳನ್ನು ಇನ್ನೂ ಏರಿಸಿಲ್ಲವಾದ್ದರಿಂದ ತಿದ್ದುಪಡಿ ವಿಭಾಗದ ಮಟ್ಟದಲ್ಲೇ ಮುಗಿಯುತ್ತದೆ. ತಾವು ಸಹಿ ಮಾಡುವವರೆಗೆ ಪೋರ್ಟಲ್ ನಮೂದು ತಡೆಹಿಡಿದಿದ್ದೇನೆ.

ತಪ್ಪು ಕಣ್ಣಿಗೆ ಬಿದ್ದದ್ದು ರೋಲ್ ನಂ. 17ರ ಸಾಲಿನಲ್ಲಿ. ಎಂಟು ಪ್ರಯೋಗಗಳಲ್ಲಿ ಐದನ್ನು ಮಾತ್ರ ಮಾಡಿದವರಿಗೆ ರೆಕಾರ್ಡ್ ಭಾಗದಲ್ಲಿ 10ಕ್ಕೆ 9 ಬಂದಿತ್ತು. ಎಂಟನ್ನೂ ಮಾಡಿ ಎಲ್ಲದರಲ್ಲೂ 8 ತೆಗೆದವರಿಗೆ 8. ಪಟ್ಟಿಯಲ್ಲಿ D ಯಿಂದ K ವರೆಗಿನ ಎಂಟು ಕಾಲಂಗಳು ಎಂಟು ಪ್ರಯೋಗಗಳ ಅಂಕ (ಪ್ರತಿಯೊಂದೂ 10ಕ್ಕೆ), L ಅವುಗಳ ಸರಾಸರಿ, M ಪರೀಕ್ಷೆ (10), N ವೈವಾ (5), O ಒಟ್ಟು, P ಗ್ರೇಡ್. L ಕಾಲಂನಲ್ಲಿ ಇದ್ದ ಸೂತ್ರ ಇದು:

```
=ROUND(AVERAGE(D4:K4),0)
```

AVERAGE ಖಾಲಿ ಸೆಲ್ಲನ್ನೂ ಅಕ್ಷರವಿರುವ ಸೆಲ್ಲನ್ನೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗೈರಾದ ಕಡೆ `AB` ಎಂದಿದ್ದರೆ ಆ ಪ್ರಯೋಗ ಮೊತ್ತದಿಂದಷ್ಟೇ ಅಲ್ಲ, ಭಾಜಕದಿಂದಲೂ ಬಿಟ್ಟುಹೋಗುತ್ತದೆ. ರೋಲ್ ನಂ. 17ರ ಐದು ಅಂಕಗಳ ಮೊತ್ತ 46. ಅದನ್ನು 5ರಿಂದ ಭಾಗಿಸಿದ್ದಕ್ಕೆ 9.2 ಬಂದಿದೆ, 8ರಿಂದ ಭಾಗಿಸಬೇಕಿತ್ತು, ಆಗ 5.75, ಅಂದರೆ 6.

ಹಿಂದಿನ ಸೆಮಿಸ್ಟರ್‌ಗಳಲ್ಲೂ ಇದೇ ಸೂತ್ರ ಇತ್ತು, ಆದರೆ ಆಗ ಗೈರಾದವರಿಗೆ 0 ಟೈಪ್ ಮಾಡುತ್ತಿದ್ದೆವು. ಸೊನ್ನೆ ಸಂಖ್ಯೆಯಾದ್ದರಿಂದ ಭಾಜಕ 8 ಆಗಿಯೇ ಉಳಿಯುತ್ತಿತ್ತು. ಗೈರಿಗೂ ನಿಜವಾದ ಸೊನ್ನೆಗೂ ವ್ಯತ್ಯಾಸ ಗೊತ್ತಾಗಲೆಂದು ಈ ಸಲ `AB` ಬರೆಯಲು ಶುರುಮಾಡಿದೆವು. ಉದ್ದೇಶ ಸರಿಯೇ, ಸೂತ್ರವನ್ನು ಅದಕ್ಕೆ ತಕ್ಕಂತೆ ಬದಲಿಸದೆ ಬಿಟ್ಟದ್ದು ತಪ್ಪು. ಹಾಳೆಯನ್ನು ಸಿದ್ಧಪಡಿಸಿದವನು ನಾನಾದ್ದರಿಂದ ಆ ಹೊಣೆ ನನ್ನದು. ಹಿಂದಿನ ಎರಡು ಸೆಮಿಸ್ಟರ್‌ಗಳ ಫೈಲುಗಳನ್ನು ತೆರೆದು ನೋಡಿದ್ದೇನೆ: ಪ್ರತಿ ಸಾಲಿನಲ್ಲೂ COUNT 8 ಬರುತ್ತದೆ, ಹಾಗಾಗಿ ಅವು ಸರಿಯಾಗಿವೆ.

ಸೂತ್ರವನ್ನಷ್ಟೇ ಬದಲಿಸಿ ಕೈತೊಳೆದುಕೊಂಡಿದ್ದರೆ ಇನ್ನೊಂದು ಅನ್ಯಾಯವಾಗುತ್ತಿತ್ತು. ಎರಡನೇ ಬ್ಯಾಚಿನಲ್ಲಿ G ಕಾಲಂನ (ನಾಲ್ಕನೇ ಪ್ರಯೋಗ, ಫ್ಲೈವೀಲ್) ನಾಲ್ಕು ಸೆಲ್ಲುಗಳು ಟೆಕ್ಸ್ಟ್ ಫಾರ್ಮ್ಯಾಟ್‌ನಲ್ಲಿದ್ದವು: ರೋಲ್ ನಂ. 27, 33, 38, 44. ಪರದೆಯ ಮೇಲೆ 8, 9, 10 ಎಂದೇ ಕಾಣುತ್ತದೆ. ಆದರೆ ಅಂಕಿ ಸೆಲ್ಲಿನ ಎಡಕ್ಕೆ ಅಂಟಿಕೊಂಡಿರುತ್ತದೆ, ಮೇಲಿನ ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನ ಇರುತ್ತದೆ. SUM ಆಗಲಿ AVERAGE ಆಗಲಿ ಅದನ್ನು ಸಂಖ್ಯೆ ಎಂದು ಎಣಿಸುವುದಿಲ್ಲ. ರೋಲ್ ನಂ. 44ರ ಉಳಿದ ಏಳು ಅಂಕಗಳ ಮೊತ್ತ 59, ಫ್ಲೈವೀಲ್‌ನಲ್ಲಿ 10. ಸರಿಯಾದ ಲೆಕ್ಕ 69/8 = 8.625, ಅಂದರೆ 9. ಹಳೆಯ ಸೂತ್ರ 59/7 ಮಾಡಿ 8 ಕೊಟ್ಟಿತ್ತು. ಸೆಲ್ಲನ್ನು ಸರಿಪಡಿಸದೆ ಬರೀ ಸೂತ್ರ ಬದಲಿಸಿದ್ದರೆ 59/8, ಅಂದರೆ 7 ಆಗುತ್ತಿತ್ತು: ಒಂದು ಅಂಕ ಏರಬೇಕಾದವರಿಗೆ ಒಂದು ಅಂಕ ಇಳಿಯುತ್ತಿತ್ತು. ಸೆಲ್ಲಿನ ಫಾರ್ಮ್ಯಾಟನ್ನು ನಂಬರ್ ಎಂದು ಬದಲಿಸಿದರೆ ಸಾಲದು, ಒಳಗಿನ ಮೌಲ್ಯ ಅಕ್ಷರವಾಗಿಯೇ ಉಳಿಯುತ್ತದೆ. ಹಾಗಾಗಿ ಫಾರ್ಮ್ಯಾಟ್ ಬದಲಿಸಿದ ಮೇಲೆ ನಾಲ್ಕೂ ಅಂಕಗಳನ್ನು ಲ್ಯಾಬ್ ರಿಜಿಸ್ಟರ್ ನೋಡಿ ಮತ್ತೆ ಟೈಪ್ ಮಾಡಿದ್ದೇನೆ.

ರೋಲ್ ನಂ. 38ರಲ್ಲಿ ಎರಡೂ ತಪ್ಪು ಒಟ್ಟಿಗೆ ಇದ್ದು ಒಂದನ್ನೊಂದು ಮುಚ್ಚಿಹಾಕಿದ್ದವು. ಒಂದು `AB`, ಒಂದು ಟೆಕ್ಸ್ಟ್ 9. ಹಳೆಯ ಲೆಕ್ಕ 44/6ಕ್ಕೆ 7, ಸರಿಯಾದ ಲೆಕ್ಕ 53/8ಕ್ಕೂ 7. ಅಂಕ ಬದಲಾಗಲಿಲ್ಲ ಎಂಬ ಮಾತ್ರಕ್ಕೆ ಸಾಲು ಸರಿಯಿತ್ತು ಎನ್ನಲಾಗದು.

ಮೂರನೆಯದು ಖಾಲಿ ಬಿಟ್ಟ ಸೆಲ್ಲುಗಳು. ಇವು ಮೂರು ಇದ್ದವು, ಮೂರೂ ಗೈರಲ್ಲ. ರಿಪೀಟ್ ತರಗತಿಯಲ್ಲಿ ಮಾಡಿದ ಪ್ರಯೋಗಗಳ ಅಂಕ ರಿಜಿಸ್ಟರ್‌ನ ಕೊನೆಯ ಪುಟಗಳಲ್ಲಿದೆ, ಹಾಳೆಗೆ ಬಂದಿರಲಿಲ್ಲ. ರೋಲ್ ನಂ. 30 ಕ್ಯಾಂಟಿಲಿವರ್ ಮತ್ತು ಟಾರ್ಷನ್ ಪೆಂಡುಲಂ ಎರಡನ್ನೂ ರಿಪೀಟ್‌ನಲ್ಲಿ ಮಾಡಿದ್ದಾರೆ, ಅಂಕ 6 ಮತ್ತು 7. ಇದನ್ನು ಸೇರಿಸದೆ ಹೊಸ ಸೂತ್ರ ಹಾಕಿದ್ದರೆ ಅವರ ಒಟ್ಟು ಅಂಕ 9ಕ್ಕೆ ಇಳಿದು ಅನುತ್ತೀರ್ಣ ಎಂದು ಬರುತ್ತಿತ್ತು. ಸೇರಿಸಿದ ಮೇಲೆ 11, ಗ್ರೇಡ್ ಮೊದಲಿನಂತೆ ಸಿ. ರೋಲ್ ನಂ. 35ರ ಖಾಲಿ ಸೆಲ್ಲೂ ಟಾರ್ಷನ್ ಪೆಂಡುಲಂನದೇ. ಒಂದೇ ಸೆಟ್ ರೀಡಿಂಗ್ ತೆಗೆದದ್ದಕ್ಕೆ 5 ಅಂಕ ಎಂದು ರಿಜಿಸ್ಟರ್‌ನಲ್ಲಿದೆ. ಅದನ್ನು ಸೇರಿಸಿದಾಗ ಅವರ ಗ್ರೇಡ್ ಇಳಿಯುತ್ತದೆ.

ಈಗ L ಕಾಲಂನಲ್ಲಿ ಇರುವ ಸೂತ್ರ:

```
=ROUND(SUM(D4:K4)/8,0)
```

ಬದಲಾದ ಒಂಬತ್ತು ಸಾಲುಗಳು ಹೀಗಿವೆ.

| ರೋಲ್ ನಂ. | ರೆಕಾರ್ಡ್ ಹಿಂದೆ | ರೆಕಾರ್ಡ್ ಈಗ | ಒಟ್ಟು ಹಿಂದೆ | ಒಟ್ಟು ಈಗ | ಗ್ರೇಡ್ ಹಿಂದೆ | ಗ್ರೇಡ್ ಈಗ |
|---|---|---|---|---|---|---|
| 9 | 9 | 7 | 21 | 19 | ಎ+ | ಎ |
| 14 | 8 | 7 | 17 | 16 | ಬಿ+ | ಬಿ+ |
| 17 | 9 | 6 | 23 | 20 | ಓ | ಎ+ |
| 22 | 7 | 5 | 15 | 13 | ಬಿ+ | ಬಿ |
| 27 | 6 | 7 | 17 | 18 | ಬಿ+ | ಎ |
| 30 | 6 | 5 | 12 | 11 | ಸಿ | ಸಿ |
| 35 | 9 | 8 | 20 | 19 | ಎ+ | ಎ |
| 41 | 9 | 8 | 21 | 20 | ಎ+ | ಎ+ |
| 44 | 8 | 9 | 19 | 20 | ಎ | ಎ+ |

ದೋಷವಿದ್ದ ಸಾಲುಗಳು ಒಟ್ಟು 11 (ಮೇಲಿನ 9, ಜೊತೆಗೆ ಅಂಕ ಬದಲಾಗದ 33 ಮತ್ತು 38). ಈ ಹನ್ನೊಂದನ್ನೂ ರಿಜಿಸ್ಟರ್ ಇಟ್ಟುಕೊಂಡು ಕ್ಯಾಲ್ಕುಲೇಟರ್‌ನಲ್ಲಿ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡಿದ್ದೇನೆ. ಉಳಿದ 35 ಸಾಲುಗಳಲ್ಲಿ ಎಂಟೂ ಸೆಲ್ಲುಗಳು ಸಂಖ್ಯೆಗಳೇ ಆದ್ದರಿಂದ ಹಳೆಯ, ಹೊಸ ಸೂತ್ರ ಎರಡೂ ಒಂದೇ ಉತ್ತರ ಕೊಡುತ್ತವೆ. ಹಳೆಯ ಒಟ್ಟನ್ನು ಪಕ್ಕದ ಕಾಲಂಗೆ ಮೌಲ್ಯಗಳಾಗಿ ಪೇಸ್ಟ್ ಮಾಡಿ ಕಳೆದಾಗ ಎಲ್ಲ ಕಡೆ 0 ಬಂದಿದೆ. ಗ್ರೇಡ್ ಸೂತ್ರದಲ್ಲಿ ತಪ್ಪಿಲ್ಲ: 10, 13, 15, 18, 20, 23 ಎಂಬ ಗಡಿಗಳನ್ನೂ ಪ್ರತಿ ಗಡಿಗಿಂತ ಒಂದು ಕಡಿಮೆ ಅಂಕವನ್ನೂ ಕೊಟ್ಟು ನೋಡಿದ್ದೇನೆ. ಪರೀಕ್ಷೆ ಮತ್ತು ವೈವಾ ಅಂಕಗಳು ಪೂರ್ಣಾಂಕಗಳಾದ್ದರಿಂದ ROUND ಅನ್ನು L ನಲ್ಲಿ ಹಾಕಿದರೂ ಒಟ್ಟಿನಲ್ಲಿ ಹಾಕಿದರೂ ಫಲಿತಾಂಶ ಒಂದೇ, ಅದನ್ನು ಮುಟ್ಟಿಲ್ಲ.

ಮುಂದೆ ಇಂಥದು ತಾನಾಗಿ ಬಯಲಾಗಲೆಂದು Q ಮತ್ತು R ಎಂಬ ಎರಡು ತಪಾಸಣೆ ಕಾಲಂ ಸೇರಿಸಿದ್ದೇನೆ. ಎರಡೂ 0 ಇರಬೇಕು. ಮೊದಲನೆಯದು ಟೆಕ್ಸ್ಟ್ ಆಗಿ ಕೂತ ಅಂಕಗಳನ್ನೂ ತಪ್ಪಾಗಿ ಟೈಪಾದ `AB` ಗಳನ್ನೂ ಹಿಡಿಯುತ್ತದೆ, ಎರಡನೆಯದು ಖಾಲಿ ಸೆಲ್ಲುಗಳನ್ನು.

```
=COUNTA(D4:K4)-COUNT(D4:K4)-COUNTIF(D4:K4,"AB")
=COUNTBLANK(D4:K4)
```

D4:K49ಕ್ಕೆ ಡೇಟಾ ವ್ಯಾಲಿಡೇಷನ್ ಕೂಡ ಹಾಕಿದ್ದೇನೆ, 0ರಿಂದ 10ರವರೆಗಿನ ಸಂಖ್ಯೆ ಅಥವಾ `AB` ಬಿಟ್ಟು ಬೇರೇನೂ ಟೈಪ್ ಆಗುವುದಿಲ್ಲ. ಆದರೆ ಬೇರೆ ಕಡೆಯಿಂದ ಕಾಪಿ ಮಾಡಿ ಪೇಸ್ಟ್ ಮಾಡಿದರೆ ವ್ಯಾಲಿಡೇಷನ್ ತಡೆಯುವುದಿಲ್ಲ. ಅದಕ್ಕಾಗಿಯೇ Q, R ಕಾಲಂಗಳು ಬೇಕು. ಪ್ರಿಂಟ್ ತೆಗೆಯುವ ಮುನ್ನ ಆ ಎರಡು ಕಾಲಂಗಳ ಮೊತ್ತ 0 ಇದೆಯೇ ಎಂದು ನೋಡಿದರೆ ಸಾಕು.

ತಮ್ಮ ತೀರ್ಮಾನಕ್ಕೆ ಬಿಟ್ಟ ಸಂಗತಿ ಒಂದಿದೆ. ಹೊಸ ಸೂತ್ರ `AB` ಅನ್ನು ಸೊನ್ನೆಯಂತೆ ನೋಡುತ್ತದೆ. ರೋಲ್ ನಂ. 9 ಮೂರನೇ ಮತ್ತು ಆರನೇ ಪ್ರಯೋಗಕ್ಕೆ ಗೈರಾದದ್ದು ಅಂತರ ಕಾಲೇಜು ಕ್ರೀಡಾಕೂಟಕ್ಕೆ ಹೋಗಿದ್ದರಿಂದ. ದೈಹಿಕ ಶಿಕ್ಷಣ ನಿರ್ದೇಶಕರ ಪತ್ರ ಫೈಲಿನಲ್ಲಿದೆ. ಅವರಿಗೆ ರಿಪೀಟ್ ತರಗತಿ ಕೊಟ್ಟಿರಲಿಲ್ಲ. ತಾವು ಅನುಮತಿಸಿದರೆ ಎರಡೂ ಪ್ರಯೋಗಗಳ ಉಪಕರಣ ಇನ್ನೂ ಮೇಜಿನ ಮೇಲೆಯೇ ಇದೆ, ತಲಾ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಎರಡೂ ಸೇರಿ 8 ಅಂಕ ಬಂದರೆ ಮೊತ್ತ 52ರಿಂದ 60 ಆಗಿ ರೆಕಾರ್ಡ್ 8, ಒಟ್ಟು 20, ಗ್ರೇಡ್ ಎ+ ಉಳಿಯುತ್ತದೆ. ಉಳಿದವರ `AB` ಗಳಿಗೆ ಫೈಲಿನಲ್ಲಿ ಯಾವ ಪತ್ರವೂ ಇಲ್ಲ.

ಸೂಚನಾ ಫಲಕದ ಹಳೆಯ ಪಟ್ಟಿಯನ್ನು ತೆಗೆದು ತಿದ್ದಿದ ಪಟ್ಟಿ ಹಾಕಲು ಅನುಮತಿ ಬೇಕು. ಅಂಕ ಇಳಿದ ಏಳು ಮಂದಿಗೆ ಫಲಕ ನೋಡಿ ತಿಳಿಯುವ ಮೊದಲೇ, ರಿಜಿಸ್ಟರ್ ಮುಂದಿಟ್ಟು ಲೆಕ್ಕ ತೋರಿಸಿ ಹೇಳುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಬ್ಯಾಚಿನ ಉಪನ್ಯಾಸಕರು ಇದ್ದರೆ ನಾಳೆ ಮಧ್ಯಾಹ್ನ 2ರಿಂದ 4ರವರೆಗಿನ ಲ್ಯಾಬ್ ಅವಧಿಯಲ್ಲಿ ಮಾಡಬಹುದು. ಹಳೆಯ ಫೈಲನ್ನು ಅಳಿಸಿಲ್ಲ, ತಿದ್ದದೆ ಹಾಗೆಯೇ ಇಟ್ಟಿದ್ದೇನೆ. ಯಾರಾದರೂ ಮರುಪರಿಶೀಲನೆ ಕೇಳಿದರೆ ಎರಡನ್ನೂ ತೋರಿಸಬೇಕಾಗುತ್ತದೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಪ್ರಯೋಗಾಲಯ ಸಹಾಯಕ

ಲಗತ್ತು: ತಿದ್ದಿದ ಅಂಕಪಟ್ಟಿ, 2 ಪುಟ; 08-05-2025ರ ಹಳೆಯ ಪಟ್ಟಿ, 2 ಪುಟ; 11 ಸಾಲುಗಳ ಕೈಲೆಕ್ಕ, 1 ಪುಟ; ರಿಪೀಟ್ ತರಗತಿ ರಿಜಿಸ್ಟರ್ ಪುಟಗಳ ಜೆರಾಕ್ಸ್, 2 ಪುಟ; ದೈಹಿಕ ಶಿಕ್ಷಣ ನಿರ್ದೇಶಕರ ಪತ್ರದ ಜೆರಾಕ್ಸ್, 1 ಪುಟ.

ಪ್ರತಿ: ಎರಡನೇ ಸೆಮಿಸ್ಟರ್ ಲ್ಯಾಬ್‌ನ ಎರಡೂ ಬ್ಯಾಚಿನ ಉಪನ್ಯಾಸಕರಿಗೆ.