ಅಧ್ಯಾಯ 5: ಈ ಅಧ್ಯಯನದ ಮಿತಿಗಳು
(ವಿದ್ಯಾರ್ಥಿಗಳ ರಾತ್ರಿ ಮೊಬೈಲ್ ಬಳಕೆ ಮತ್ತು ನಿದ್ದೆ: ಒಂದು ಸಮೀಕ್ಷೆ)

ಹಿಂದಿನ ಅಧ್ಯಾಯದಲ್ಲಿ ನಾನು ಕೊಟ್ಟ ಮುಖ್ಯ ಅಂಕಿ ಇದು: ಉತ್ತರಿಸಿದ 342 ವಿದ್ಯಾರ್ಥಿಗಳಲ್ಲಿ 144 ಮಂದಿ, ಅಂದರೆ ಶೇ 42.1, ತರಗತಿ ಇರುವ ದಿನಗಳಲ್ಲಿ 6 ಗಂಟೆಗಿಂತ ಕಡಿಮೆ ನಿದ್ದೆ ಮಾಡುತ್ತಾರೆ. ಅದರ ಪಕ್ಕದಲ್ಲಿ ± 5 ಎಂದೂ ಬರೆದಿದ್ದೇನೆ. ಆ ± 5 ಹೇಳುವುದು ಒಂದೇ ವಿಷಯ. ಬೇರೆ ಮಾದರಿ ಆರಿಸಿದ್ದರೆ ಅಂಕಿ ಎಷ್ಟು ಆಚೀಚೆ ಆಗಬಹುದಿತ್ತು ಎಂಬುದನ್ನು. ಯಾರು ಉತ್ತರ ಕೊಡಲಿಲ್ಲ, ಕೊಟ್ಟವರು ನಿಜ ಹೇಳಿದರೇ, ನನ್ನ ಫಾರ್ಮ್ ಸರಿಯಾಗಿತ್ತೇ ಎಂಬುದೆಲ್ಲ ಅದರ ಲೆಕ್ಕಕ್ಕೆ ಬರುವುದಿಲ್ಲ. ಈ ಅಧ್ಯಾಯ ಆ ಉಳಿದ ತಪ್ಪುಗಳ ಬಗ್ಗೆ.

5.1 ಉತ್ತರ ಕೊಡದವರು

ಕಾಲೇಜಿನ ದಾಖಲಾತಿ ಪಟ್ಟಿಯ 2,400 ಹೆಸರುಗಳಿಂದ 600 ಮಂದಿಯನ್ನು ಯಾದೃಚ್ಛಿಕವಾಗಿ ಆರಿಸಿ ಇಮೇಲ್‌ನಲ್ಲಿ ಲಿಂಕ್ ಕಳಿಸಿದೆ. ಎರಡು ಬಾರಿ ನೆನಪಿಸಿದೆ. ಉತ್ತರ ಬಂದದ್ದು 342, ಶೇ 57. ಉಳಿದ 258ರಲ್ಲಿ 11 ವಿಳಾಸಗಳಿಂದ ಇಮೇಲ್ ವಾಪಸ್ ಬಂತು. ಮಿಕ್ಕವರು ಸುಮ್ನೆ ಉಳಿದರು.

ಆ 258 ಮಂದಿಯ ನಿದ್ದೆ ನನಗೆ ಗೊತ್ತಿಲ್ಲ. ಅವರಲ್ಲಿ ಒಬ್ಬರೂ ಕಡಿಮೆ ನಿದ್ದೆಯವರಲ್ಲ ಎಂದುಕೊಂಡರೆ 600ಕ್ಕೆ 144, ಶೇ 24. ಎಲ್ಲರೂ ಕಡಿಮೆ ನಿದ್ದೆಯವರೇ ಎಂದುಕೊಂಡರೆ 402, ಶೇ 67. ಎರಡೂ ನಡೆಯುವ ಸಂಭವ ಕಡಿಮೆ. ಆದರೂ ಯಾವ ಊಹೆಯನ್ನೂ ಸೇರಿಸದೆ ನನ್ನ ಮಾಹಿತಿ ಹೇಳುವುದು ಇಷ್ಟೇ: 24 ಮತ್ತು 67ರ ನಡುವೆ ಎಲ್ಲೋ.

ಇನ್ನೂ ಜಾಸ್ತಿ ಜನರಿಗೆ ಕಳಿಸಿದ್ದರೆ ಇದು ಸರಿಹೋಗುತ್ತಿರಲಿಲ್ಲ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮೊದಲು ಅಲ್ಲಿನ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮತಚೀಟಿ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆ ಎಂದಿತ್ತು. ಗೆದ್ದದ್ದು ರೂಸ್‌ವೆಲ್ಟ್, ಅದೂ ಭಾರಿ ಅಂತರದಲ್ಲಿ.

ಪಟ್ಟಿಯಲ್ಲಿ ಇದ್ದ ಮಾಹಿತಿಯಿಂದ ಒಂದು ಹೋಲಿಕೆ ಸಾಧ್ಯವಾಯಿತು. ಆರಿಸಿದ 600ರಲ್ಲಿ ಕೊನೆಯ ವರ್ಷದವರು ಶೇ 30 ಇದ್ದರು. ಉತ್ತರಿಸಿದವರಲ್ಲಿ ಅವರ ಪಾಲು ಶೇ 20 ಮಾತ್ರ. ಅವರಲ್ಲಿ ಕಡಿಮೆ ನಿದ್ದೆಯವರೂ ಜಾಸ್ತಿ. ಆ ಪ್ರಕಾರ ತೂಕ ಕೊಟ್ಟು ಮತ್ತೆ ಲೆಕ್ಕ ಹಾಕಿದಾಗ 42.1 ಇದ್ದದ್ದು 43.3 ಆಯಿತು. ಬದಲಾವಣೆ ಸಣ್ಣದು, ಆದರೆ ಇದರಿಂದ ನಿರಾಳ ಆಗುವ ಹಾಗಿಲ್ಲ. ತೂಕ ಸರಿಪಡಿಸುವುದು ಪಟ್ಟಿಗೆ ಗೊತ್ತಿರುವ ವ್ಯತ್ಯಾಸವನ್ನು ಮಾತ್ರ. ರಾತ್ರಿ ಎರಡರವರೆಗೆ ಎದ್ದಿರುವವರು ಯಾರು ಎಂದು ಯಾವ ದಾಖಲಾತಿ ಪಟ್ಟಿಯೂ ಹೇಳುವುದಿಲ್ಲ, ಅಲ್ವಾ?

ಹಾಗಾಗಿ ತಡವಾಗಿ ಉತ್ತರಿಸಿದವರನ್ನು ಬೇರೆಯಾಗಿ ನೋಡಿದೆ. ಎರಡು ಸಲ ನೆನಪಿಸಿದ ಮೇಲೆ ಉತ್ತರಿಸಿದವರು ಉತ್ತರವೇ ಕೊಡದವರಿಗೆ ಸ್ವಲ್ಪ ಹತ್ತಿರ ಇರಬಹುದು ಎಂಬುದು ಇದರ ಹಿಂದಿನ ಊಹೆ. ಮೊದಲ ಇಮೇಲ್‌ಗೇ ಉತ್ತರಿಸಿದ 198 ಮಂದಿಯಲ್ಲಿ ಕಡಿಮೆ ನಿದ್ದೆಯವರು ಶೇ 37.4. ಒಂದು ಸಲ ನೆನಪಿಸಿದ ಮೇಲೆ ಬಂದ 91ರಲ್ಲಿ ಶೇ 46.2. ಕೊನೆಗೆ ಬಂದ 53ರಲ್ಲಿ ಶೇ 52.8. ಉತ್ತರ ಕೊಡದವರ ಪಾಲು 600ರಲ್ಲಿ 258, ಅಂದರೆ 0.43. ಅವರು ಈ ಕೊನೆಯ ಗುಂಪಿನಂತೆಯೇ ಇದ್ದರೆ ವಾಲು, ಅಂದರೆ ನನ್ನ ಅಂಕಿ ಒಂದೇ ಕಡೆಗೆ ತಪ್ಪಿದ ಪ್ರಮಾಣ, ಇಷ್ಟು:

```
0.43 × (42.1 − 52.8) = −4.6
```

ಅಂದರೆ ನಿಜವಾದ ಅಂಕಿ 46.7ರ ಆಸುಪಾಸು ಇರಬೇಕು.

ನೋಡಲು ಅಚ್ಚುಕಟ್ಟಾದ ಲೆಕ್ಕ. ಮೊದಲ ಕರಡಿನಲ್ಲಿ ಇದನ್ನೇ ತೀರ್ಮಾನ ಎಂದು ಬರೆದಿದ್ದೆ. ಆಮೇಲೆ ನನ್ನದೇ ಎರಡು ತಪ್ಪು ಕಣ್ಣಿಗೆ ಬಿದ್ದವು.

ಒಂದು, ಕೊನೆಯ ಬಾರಿ ನೆನಪಿಸುವ ಇಮೇಲ್ ಹೋದದ್ದು ರಾತ್ರಿ 11ಕ್ಕೆ. ಆ ಹೊತ್ತಿಗೆ ಅದನ್ನು ನೋಡಿ ತೆರೆಯುವವರು ಎದ್ದಿರುವವರೇ. ಹಾಗಾದರೆ ಆ 53 ಮಂದಿ ಉತ್ತರ ಕೊಡದವರನ್ನು ಹೋಲುತ್ತಾರೆ ಎನ್ನುವುದಕ್ಕಿಂತ, ರಾತ್ರಿ ಎಚ್ಚರ ಇರುವವರನ್ನೇ ನಾನು ಬಲೆ ಬೀಸಿ ಹಿಡಿದೆ ಎನ್ನುವುದೂ ಅಷ್ಟೇ ಸಂಭವ.

ಎರಡನೆಯದು ಫಾರ್ಮ್‌ನ ದೋಷ. ಮೊದಲ ದಿನ ನಿದ್ದೆಯ ಗಂಟೆಯ ಜಾಗದಲ್ಲಿ ಪೂರ್ಣ ಸಂಖ್ಯೆ ಮಾತ್ರ ತುಂಬಬಹುದಿತ್ತು. ಐದೂವರೆ ಗಂಟೆ ಮಲಗುವವರು 5 ಅಥವಾ 6 ಎಂದೇ ಬರೆಯಬೇಕಾಯಿತು. 6 ಎಂದು ಬರೆದವರು ನನ್ನ ಗೆರೆಯ ಆಚೆಗೆ ಹೋದರು. ಮೊದಲ ದಿನದ 120 ಉತ್ತರಗಳಲ್ಲಿ 31ರಲ್ಲಿ 6 ಎಂದಿದೆ. ಆ 31 ಮಂದಿಯೂ ಐದೂವರೆಯವರೇ ಆಗಿದ್ದರೆ ಮೊದಲ ಗುಂಪಿನ ಅಂಕಿ ಶೇ 53ಕ್ಕೆ ಏರುತ್ತದೆ, ಕೊನೆಯ ಗುಂಪಿಗೂ ಅದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ದೋಷ ಸರಿಪಡಿಸಿದ ಮೇಲೆ 36 ಮಂದಿ 6 ಎಂದೂ 12 ಮಂದಿ 5.5 ಎಂದೂ ಬರೆದರು. ಆ ಪ್ರಮಾಣ ಹಿಡಿದರೆ 31ರಲ್ಲಿ ಸುಮಾರು 8 ಮಂದಿ ತಪ್ಪು ಕಡೆ ಸೇರಿದ್ದಾರೆ. ಆಗ ಮೊದಲ ಗುಂಪು ಶೇ 41.4, ಒಟ್ಟು ಅಂಕಿ 44.4. ವ್ಯತ್ಯಾಸ ಕಡಿಮೆಯಾಗುತ್ತದೆ, ಹೋಗುವುದಿಲ್ಲ.

ಆದ್ದರಿಂದ 46.7 ಎಂಬ ಅಂಕಿಯನ್ನು ಸಾರಾಂಶದಲ್ಲಿ ಕೊಟ್ಟಿಲ್ಲ. ಇದನ್ನು ಯಾರಾದರೂ ಉಲ್ಲೇಖಿಸುವುದಾದರೆ ಮೇಲಿನ ಎರಡು ಕಾರಣಗಳನ್ನೂ ಜೊತೆಗೆ ಹೇಳಬೇಕೆಂದು ಕೋರುತ್ತೇನೆ.

ಇದಕ್ಕೆ ಎದುರು ದಿಕ್ಕಿನ ಒಂದು ವಾಲೂ ಇದೆ. ಇಮೇಲ್‌ನ ವಿಷಯದ ಸಾಲಿನಲ್ಲೇ 'ಮೊಬೈಲ್ ನಿಮ್ಮ ನಿದ್ದೆ ಕೆಡಿಸುತ್ತಿದೆಯೇ?' ಎಂದಿತ್ತು. ನಿದ್ದೆಯ ತೊಂದರೆ ಇರುವವರಿಗೇ ಇದನ್ನು ತೆರೆಯುವ ಮನಸ್ಸು ಹೆಚ್ಚು. ಇದು 42.1 ಅನ್ನು ಎಷ್ಟು ಏರಿಸಿದೆ ಎಂದು ಅಳೆಯಲು ನನ್ನ ಬಳಿ ಏನೂ ಇಲ್ಲ.

5.2 ಉತ್ತರಗಳಲ್ಲಿನ ವಾಲು

ಮೊಬೈಲ್ ಎಷ್ಟು ಹೊತ್ತು ನೋಡುತ್ತೀರಿ ಎಂದರೆ ಜನ ಸ್ವಲ್ಪ ಕಡಿಮೆ ಹೇಳುತ್ತಾರೆ. ನಾಚಿಕೆ ಒಂದು ಕಾರಣ, ನೆನಪಿಲ್ಲದಿರುವುದು ಇನ್ನೊಂದು. ಇದನ್ನು ಪರೀಕ್ಷಿಸಲು, ಒಪ್ಪಿದ 58 ಮಂದಿಯ ಫೋನ್ ತೋರಿಸಿದ ಬಳಕೆಯ ಸಮಯವನ್ನು ಅವರು ಹೇಳಿದ್ದಕ್ಕೆ ಹೋಲಿಸಿದೆ. ಹೇಳಿದ್ದರ ಮಧ್ಯಾಂಕ ದಿನಕ್ಕೆ 3 ಗಂಟೆ 10 ನಿಮಿಷ, ಫೋನ್ ತೋರಿಸಿದ್ದು 4 ಗಂಟೆ 25 ನಿಮಿಷ. ಫೋನ್ ತೋರಿಸಲು ಒಪ್ಪಿದವರು ಬಹುಶಃ ಮುಚ್ಚಿಡಲು ಏನೂ ಇಲ್ಲದವರು. ಒಪ್ಪದವರಲ್ಲಿ ಅಂತರ ಇನ್ನೂ ದೊಡ್ಡದಿರಬಹುದು. ಈ ಕಾರಣಕ್ಕೆ ನಾಲ್ಕನೇ ಅಧ್ಯಾಯದಲ್ಲಿ ಗಂಟೆಗಳನ್ನು ನೇರವಾಗಿ ಬಳಸದೆ 'ಕಡಿಮೆ, ಮಧ್ಯಮ, ಹೆಚ್ಚು' ಎಂಬ ಮೂರು ಗುಂಪು ಮಾಡಿದ್ದೇನೆ. ಎಲ್ಲರೂ ಒಂದೇ ಪ್ರಮಾಣದಲ್ಲಿ ಕಡಿಮೆ ಹೇಳಿದ್ದರೆ ಗುಂಪುಗಳ ಕ್ರಮ ಕೆಡುವುದಿಲ್ಲ. ಹೆಚ್ಚು ಬಳಸುವವರೇ ಹೆಚ್ಚು ಮುಚ್ಚಿಟ್ಟಿದ್ದರೆ ಕೆಡುತ್ತದೆ.

ಪ್ರಶ್ನೆಗಳ ಕ್ರಮವೂ ನನ್ನದೇ ತಪ್ಪು. ಮೊಬೈಲ್ ಬಗ್ಗೆ ಒಂಬತ್ತು ಪ್ರಶ್ನೆ ಕೇಳಿ, ಆಮೇಲೆ 'ನಿಮ್ಮ ನಿದ್ದೆ ಕೆಡಲು ಮುಖ್ಯ ಕಾರಣ ಏನು?' ಎಂದು ಕೇಳಿದೆ. ಮೊಬೈಲ್ ಎಂಬ ಉತ್ತರ ಅವರ ನಾಲಿಗೆಯ ತುದಿಗೆ ನಾನೇ ತಂದಿಟ್ಟ ಹಾಗಾಯಿತು. ಆ ಪ್ರಶ್ನೆಯ ಫಲಿತಾಂಶವನ್ನು ಮುಖ್ಯ ಕೋಷ್ಟಕದಿಂದ ತೆಗೆದಿದ್ದೇನೆ.

ಒಪ್ಪುತ್ತೇನೆ–ಒಪ್ಪುವುದಿಲ್ಲ ಭಾಗದಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಹೇಳಿಕೆಗಳಿದ್ದವು. 29 ಮಂದಿ ಎರಡಕ್ಕೂ ಒಪ್ಪುತ್ತೇನೆ ಎಂದರು. ಅವರನ್ನು ಬಿಟ್ಟು ಲೆಕ್ಕ ಹಾಕಿದಾಗ ಆ ಭಾಗದ ಯಾವ ಫಲಿತಾಂಶವೂ ದಿಕ್ಕು ಬದಲಿಸಲಿಲ್ಲ.

5.3 ಉಳಿದವು

ಪಟ್ಟಿ ವರ್ಷದ ಆರಂಭದ್ದು, ಆಮೇಲೆ ಸೇರಿದವರು ಅದರಲ್ಲಿಲ್ಲ. ಸಮೀಕ್ಷೆ ನಡೆದದ್ದು ಪರೀಕ್ಷೆಗೆ ಮೂರು ವಾರ ಮೊದಲು, ಹಾಗಾಗಿ ವರ್ಷವಿಡೀ ನಿದ್ದೆ ಹೀಗೇ ಎನ್ನಲಾಗದು. ಆತಂಕದ ಬಗೆಗಿನ ಪ್ರಶ್ನೆಯನ್ನು 61 ಮಂದಿ ಖಾಲಿ ಬಿಟ್ಟರು. ಆತಂಕ ಜಾಸ್ತಿ ಇರುವವರೇ ಅದನ್ನು ಬಿಟ್ಟಿರುವ ಸಾಧ್ಯತೆ ಇರುವುದರಿಂದ ಸರಾಸರಿ ತುಂಬಿ ಸರಿಪಡಿಸಲು ಹೋಗಲಿಲ್ಲ, ಆ ವಿಶ್ಲೇಷಣೆಯನ್ನೇ ಕೈಬಿಟ್ಟೆ.

ನಿದ್ದೆಯ ಗಂಟೆಯನ್ನು 17 ಮಂದಿ '5-6' ಅಥವಾ '5.30' ಎಂಬಂತೆ ಬರೆದಿದ್ದರು. ನಾನೂ ನನ್ನ ಸಹಪಾಠಿಯೂ ಬೇರೆ ಬೇರೆ ಕೂತು ಅವನ್ನು ಅಂಕಿಗೆ ಇಳಿಸಿದೆವು. ಆರರಲ್ಲಿ ನಮ್ಮಿಬ್ಬರಿಗೆ ಹೊಂದಲಿಲ್ಲ, ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು. ಆ 17ನ್ನೂ ಪೂರ್ತಿ ಬಿಟ್ಟರೆ ಮುಖ್ಯ ಅಂಕಿ 42.1ರಿಂದ 41.8 ಆಗುತ್ತದೆ.