ಬಕೆಟ್ ಬೆಲ್ಲದ ಮೇಲೆ ಹೆಬ್ಬೆಟ್ಟು

ಬಿ.ಎ. ಮೊದಲ ವರ್ಷ, ಐಚ್ಛಿಕ ಕನ್ನಡ
ತರಗತಿಯ ಪೋರ್ಟ್‌ಫೋಲಿಯೊಗೆ ಬರೆದ ಕವಿತೆ
ನೆನಪು: ಪಾಂಡವಪುರದ ಹತ್ತಿರದ ನಮ್ಮ ಆಲೆಮನೆ. ಆಗ ನಾನು ಮೂರನೇ ಕ್ಲಾಸು.

ವಿ.ಸಿ. ನಾಲೆಯಲ್ಲಿ ನೀರು ನಿಲ್ಲದೆ ಹರಿದ ವರ್ಷ ಅದು.
ಗದ್ದೆಯ ಕಬ್ಬು ತಾತನಿಗಿಂತ ಎತ್ತರ.
ಗರಿ ತಾಗಿ ನನ್ನ ಮೊಣಕೈಯಲ್ಲೆಲ್ಲ ಗೀರು,
ಗೀರಿನ ಮೇಲೆ ಅಜ್ಜಿ ಹಚ್ಚಿದ ಕೊಬ್ಬರಿ ಎಣ್ಣೆ,
ಎಣ್ಣೆಯ ಮೇಲೆ ದೂಳು.

ಕತ್ತಲಿರುವಾಗಲೇ ಗಾಣ ಶುರು.
ಡೀಸೆಲ್ ಇಂಜಿನ್ ಎರಡು ಸಲ ಕೆಮ್ಮಿ
ಮೂರನೇ ಸಲಕ್ಕೆ ಹೊಗೆ ಕಾರಿ ಹಿಡಿದುಕೊಳ್ಳುತ್ತಿತ್ತು.
ಒಂದು ಕಡೆ ಕಬ್ಬು ಒಳಗೆ,
ಇನ್ನೊಂದು ಕಡೆ ಚಪ್ಪಟೆ ಸಿಪ್ಪೆ ಹೊರಗೆ,
ಕೆಳಗೆ ಹಾಲು.
ಕಬ್ಬಿನ ಹಾಲು ಅಂದರೆ ಬಿಳಿ ಅಂದುಕೊಳ್ಳಬೇಡಿ,
ನಾಲೆಯ ನೀರಿನ ಹಾಗೆ ಮಾಸಲು ಹಸಿರು.
ಬಟ್ಟೆಯಲ್ಲಿ ಸೋಸಿದರೂ ಲೋಟದ ತಳದಲ್ಲಿ
ಮಣ್ಣು ಉಳಿಯುತ್ತಿತ್ತು.
ನಾನು ಅದನ್ನೂ ನೆಕ್ಕುತ್ತಿದ್ದೆ.

ಕೊಪ್ಪರಿಗೆ ಎಷ್ಟು ದೊಡ್ಡದು ಅಂದರೆ
ಖಾಲಿ ಇದ್ದಾಗ ನಾನು ಒಳಗೆ ಮಲಗಬಹುದಿತ್ತು.
(ಮಲಗಿದ್ದೆ. ಅಜ್ಜಿ ಬೈದಿದ್ದಳು.)
ಒಲೆ ನೆಲದೊಳಗೆ,
ಅದರ ಬಾಯಿಗೆ ಒಣಗಿದ ಸಿಪ್ಪೆ ತುಂಬುತ್ತಿದ್ದ ಮಾವ,
ಹುಬ್ಬಿನ ಒಂದು ಕಡೆ ಕೂದಲೇ ಇಲ್ಲದ ಮಾವ.

ಕುದಿ ಬಂತು.
ತಾತ ಬೆಂಡೆ ಗಿಡ ಜಜ್ಜಿ ಹಿಂಡಿದ ಲೋಳೆ ಸುರಿದ,
ಚಿಟಿಕೆ ಸುಣ್ಣ ಹಾಕಿದ.
ಮಡ್ಡಿಯೆಲ್ಲ ಕಪ್ಪಗೆ ಮೇಲೆ ಬಂತು.
ಜಾಲರಿಯಲ್ಲಿ ಎತ್ತಿ ಎತ್ತಿ ಬದಿಗೆ ಎಸೆದ.
ನೊರೆ ಅಂಚು ದಾಟಿ ಬರುವಾಗ
ಅರೆದ ಹರಳು ಬೀಜ ಒಂದು ಚೂರು,
ನೊರೆ ಸುಮ್ನೆ ಕೂತಿತು.
ಅದು ಹೇಗೆ ಅಂತ ಕೇಳಿದೆ.
‘ಎಣ್ಣೆ ಬಿದ್ರೆ ಸುಮ್ಕಾಯ್ತದೆ ಕಣವ್ವ.’
ಅಷ್ಟೇ ಪಾಠ.

ಹದ ನೋಡುವ ಹೊತ್ತಿಗೆ ಎಲ್ಲರ ಮಾತೂ ನಿಲ್ಲುತ್ತಿತ್ತು.
ಚೊಂಬಿನ ತಣ್ಣೀರಿಗೆ ಒಂದು ತೊಟ್ಟು ಪಾಕ,
ತಾತ ಬೆರಳಲ್ಲಿ ಉರುಟಿ
ಚೊಂಬಿನ ಅಂಚಿಗೆ ಹೊಡೆದರೆ
ಟಣ್.
‘ಇಳ್ಸ್ರಲಾ!’
ಕಂಬಿ ಹಾಕಿ ಎತ್ತಿ, ಮರದ ದೋಣಿಗೆ ಸುರಿದು,
ತಿರುವಿ, ತಿರುವಿ,
ಸಾಲಾಗಿಟ್ಟ ಬಕೆಟ್ಟುಗಳಿಗೆ ತುಂಬಿದರು.

ಎಲ್ಲರೂ ಬೀಡಿ ಹಚ್ಚಲು ಹೊರಗೆ ಹೋದಾಗ
ನಾನು ಕೊನೆಯ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ.
ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು.
ಸೊಸೈಟಿಯಲ್ಲಿ ಬೆಳೆ ಸಾಲದ ಪುಸ್ತಕಕ್ಕೆ
ತಾತ ಒತ್ತುತ್ತಿದ್ದನಲ್ಲ,
ಎಡಗೈ ಹೆಬ್ಬೆರಳು, ನೀಲಿ ಶಾಯಿ,
ಆಮೇಲೆ ತಲೆಗೂದಲಿಗೆ ಒರೆಸಿಕೊಳ್ಳುತ್ತಿದ್ದನಲ್ಲ,
ಹಾಗೇ ಒತ್ತಿದೆ.
ಸುಟ್ಟಿತು.
ಕೂಗಲಿಲ್ಲ. ಬೆರಳು ಬಾಯಲ್ಲಿಟ್ಟುಕೊಂಡೆ.
ತಲೆಗೂ ಒರೆಸಿಕೊಂಡೆ.
ಮೂರು ದಿನ ಇರುವೆ ಕಾಟ.

ಬಕೆಟ್ಟು ಬೋರಲು ಹಾಕಿ ತಟ್ಟಿದಾಗ
ಬೆಲ್ಲ ಬಿದ್ದದ್ದು ತಲೆಕೆಳಗಾಗಿ,
ನನ್ನ ಹೆಬ್ಬೆಟ್ಟು ನೆಲದ ಕಡೆ.
ಯಾರೂ ನೋಡಲಿಲ್ಲ.

ಮಂಡ್ಯದ ಮಂಡಿ.
ಮಧ್ಯೆ ಮಧ್ಯೆ ತರಗು ಇಟ್ಟು ಗಾಡಿ ತುಂಬಿದ್ದೆವು.
ತರಗಿನ ಮೇಲೆ ಅಜ್ಜಿಯ ಬುತ್ತಿ, ಬುತ್ತಿಯ ಪಕ್ಕ ನಾನು.
ಗೋಣಿಚೀಲ, ನೊಣ, ತಕ್ಕಡಿ,
ಕಾಲಿಟ್ಟಲ್ಲೆಲ್ಲ ಚಪ್ಪಲಿ ಅಂಟುವ ನೆಲ.
ಸಾಹುಕಾರ ನಮ್ಮ ಬೆಲ್ಲ ಮುರಿದು ಮೂಸಿದ.
‘ಬಣ್ಣ ಸಾಲ್ದು ಗೌಡ. ಬೆಳ್ಳಗಿದ್ರೆ ಇನ್ನೂ ಜಾಸ್ತಿ ಕೊಡ್ತಿದ್ದೆ.’
‘ಹೈಡ್ರೋಸು ಹಾಕಿಲ್ಲ. ಬೆಳ್ಳಗೆ ಎಲ್ಲಿಂದ ಬಂದದು?’
ಆಮೇಲೆ ಒಂದನ್ನು ತಿರುಗಿಸಿದ.
‘ಇದೇನಿದು, ಇಲಿ ಬಾಯಿ ಇಟ್ಟದಾ?’

ತಾತ ಬಗ್ಗಿದ.
ಗುಳಿಯೊಳಗೆ ಸುತ್ತು ಸುತ್ತಾದ ಗೆರೆ.
ನನ್ನ ಮುಖ ನೋಡಿದ,
ನನ್ನ ಕೈ ಹಿಡಿದು ತಿರುಗಿಸಿದ,
ಹೆಬ್ಬೆರಳ ತುದಿಯ ಬೊಬ್ಬೆ ನೋಡಿದ.
‘ಇಲಿ ಅಲ್ಲ ಬುದ್ದಿ. ನಮ್ಮನೆ ಸಯಿನು.’
ಹಮಾಲರು ನಕ್ಕರು.
ಸಾಹುಕಾರನೂ ನಕ್ಕ, ಆದರೆ ಬೆಲೆ ಏರಿಸಲಿಲ್ಲ.

ಪಟ್ಟಿ ಬರೆದಾಯಿತು.
ಗುಮಾಸ್ತ ಶಾಯಿ ಡಬ್ಬಿ ಮುಂದೆ ತಳ್ಳಿದ.
ತಾತ ಹೆಬ್ಬೆರಳು ಚಾಚಿದವನು
ಹಾಗೇ ನಿಂತ.
ಪಟ್ಟಿ ನನ್ನ ಕಡೆ ತಿರುಗಿಸಿದ.
‘ಓದವ್ವ ಮೊದ್ಲು.’

ನಾನು ಸ್ಕೂಲಿನಲ್ಲಿ ಮಗ್ಗಿ ಹೇಳುವ ಹಾಗೆ
ಗಟ್ಟಿಯಾಗಿ ಓದಿದೆ:
ತೂಕ ಇಷ್ಟು. ದರ ಇಷ್ಟು.
ಕಮಿಷನ್ ಇಷ್ಟು. ಹಮಾಲಿ ಇಷ್ಟು.
ತೂಕದ ಕೂಲಿ ಇಷ್ಟು.
ಹಮಾಲಿ ಇಷ್ಟು.

‘ತಾತ, ಹಮಾಲಿ ಎರಡು ಸಲ ಬರ್ದವ್ರೆ.’

ಸಾಹುಕಾರ ಕನ್ನಡಕ ಹುಡುಕತೊಡಗಿದ.