ಕಾಂಪೊಸಿಟ್ ಬೀಮ್ ಬಿ-3: ಡಿಸೈನ್ ಲೆಕ್ಕ
ಕಾಫಿ ಗ್ರೇಡಿಂಗ್ ಶೆಡ್, ಮೊದಲ ಮಹಡಿ, ಕಡೂರು ರಸ್ತೆ, ಚಿಕ್ಕಮಗಳೂರು

ಈ ಲೆಕ್ಕ ಮಧ್ಯದ ಬೀಮ್‌ಗಳಿಗೆ. ಉದ್ದ 8 ಮೀಟರ್, ಎರಡೂ ತುದಿಯಲ್ಲಿ ಸುಮ್ನೆ ಕೂರುವ ಬೀಮ್. ಒಂದು ಬೀಮಿನಿಂದ ಇನ್ನೊಂದಕ್ಕೆ 3 ಮೀಟರ್. ಸ್ಟೀಲ್‌ಗೆ ಐಎಸ್ 800:2007, ಕಾಂಕ್ರೀಟ್‌ಗೆ ಐಎಸ್ 456:2000 ಹಿಡಿದಿದ್ದೇನೆ. ಬೀಮನ್ನೂ ಸ್ಲ್ಯಾಬನ್ನೂ ಒಂದಾಗಿ ಹಿಡಿಯುವ ಸ್ಟಡ್‌ನ ಬಲ ಡೆಕ್ ರಿಬ್‌ನಲ್ಲಿ ಎಷ್ಟು ಇಳಿಯುತ್ತದೆ, ಕನಿಷ್ಠ ಎಷ್ಟು ಸ್ಟಡ್ ಬೇಕು ಅನ್ನುವುದಕ್ಕೆ ಯೂರೋಕೋಡ್ 4ರ ನಿಯಮ.

ಬೀಮ್ ಐಎಸ್‌ಎಂಬಿ 400, ಇ250 ಸ್ಟೀಲ್. ಸ್ಲ್ಯಾಬ್ ಒಟ್ಟು 130 ಮಿ.ಮೀ. ಅದರಲ್ಲಿ ಡೆಕ್ ಶೀಟಿನ ರಿಬ್ 50, ಮೇಲಿನ ಗಟ್ಟಿ ಕಾಂಕ್ರೀಟ್ 80. ಎಂ30 ಕಾಂಕ್ರೀಟ್. ರಿಬ್‌ಗಳು ಬೀಮಿಗೆ ಅಡ್ಡಲಾಗಿ ಬರುತ್ತವೆ, 300 ಮಿ.ಮೀ.ಗೆ ಒಂದು. ಡೆಕ್ ಹಾಕಿದ್ದಕ್ಕೆ ಮುಖ್ಯ ಕಾರಣ ಮಳೆ. ಜೂನ್‌ನಿಂದ ಶುರುವಾದರೆ ಇಲ್ಲಿ ಸೆಂಟರಿಂಗ್ ಕೆಲಸ ಸಾಗುವುದೇ ಇಲ್ಲ, ಕೆಳಗೆ ಚೀಲಗಳನ್ನು ಇಡಲೂ ಜಾಗ ಬೇಕು.

ಲೋಡ್

ಕಾಂಕ್ರೀಟ್, ಡೆಕ್ ಮತ್ತು ಬೀಮಿನ ಸ್ವಂತ ತೂಕ ಸೇರಿ 9.2 kN/m. ಫ್ಲೋರಿಂಗ್, ಸೀಲಿಂಗ್, ವೈರಿಂಗ್‌ಗೆ ಚದರ ಮೀಟರಿಗೆ 1.7 kN, ಅಂದರೆ 5.1 kN/m. ಲೈವ್ ಲೋಡ್ ಚದರ ಮೀಟರಿಗೆ 5 kN, ಅಂದರೆ 15 kN/m.

ಈ 5 kN ಅನ್ನು ಮಾಲೀಕರಿಗೆ ಚೀಲದ ಲೆಕ್ಕದಲ್ಲೇ ಹೇಳಬೇಕು. 50 ಕೆ.ಜಿ. ಚೀಲವಾದರೆ ಒಂದು ಚದರ ಮೀಟರಿಗೆ 10 ಚೀಲ, ಅದಕ್ಕಿಂತ ಜಾಸ್ತಿ ಇಲ್ಲ. ಒಂದು ಚೀಲ ಸುಮಾರು ಅರ್ಧ ಚದರ ಮೀಟರ್ ಹಿಡಿದರೆ ಐದು ಸಾಲಿನ ಎತ್ತರ. ಗೋಡೆಯ ಮೇಲೆ ಆ ಎತ್ತರಕ್ಕೆ ಕೆಂಪು ಗೆರೆ ಎಳೆಸಬೇಕು ಎಂದು ಡ್ರಾಯಿಂಗ್‌ನಲ್ಲೇ ಬರೆದಿದ್ದೇನೆ. ಸೀಸನ್‌ನಲ್ಲಿ ಜಾಗ ಸಾಲದೆ ಹೋದಾಗ ಚೀಲಗಳು ಮೇಲಕ್ಕೇ ಏರುವುದು, ಅಲ್ವಾ?

```
w = 1.5 x (9.2 + 5.1 + 15) = 43.95 kN/m
M = 43.95 x 8^2 / 8 = 351.6 kNm
V = 43.95 x 8 / 2 = 175.8 kN
```

ಬೀಮಿನ ಜೊತೆ ದುಡಿಯುವ ಸ್ಲ್ಯಾಬಿನ ಅಗಲ

ಬೀಮಿನಿಂದ ದೂರ ಹೋದಷ್ಟೂ ಸ್ಲ್ಯಾಬ್ ಒತ್ತಡದಲ್ಲಿ ಪಾಲು ಕಡಿಮೆ ತೆಗೆದುಕೊಳ್ಳುತ್ತದೆ. ಹಾಗಾಗಿ ಪೂರ್ತಿ 3 ಮೀಟರ್ ಹಿಡಿಯುವಂತಿಲ್ಲ. ಒಂದೊಂದು ಬದಿಗೆ ಉದ್ದದ ಎಂಟನೇ ಒಂದು ಭಾಗ, ಎರಡೂ ಸೇರಿ 8000/4 = 2000 ಮಿ.ಮೀ. ಇದು 3000ಕ್ಕಿಂತ ಕಡಿಮೆ, ಹಾಗಾಗಿ ಇದನ್ನೇ ಹಿಡಿಯುತ್ತೇವೆ. ರಿಬ್‌ನೊಳಗಿನ ಕಾಂಕ್ರೀಟ್ ಲೆಕ್ಕಕ್ಕಿಲ್ಲ, ಮೇಲಿನ 80 ಮಾತ್ರ.

```
Concrete: 0.36 x 30 x 2000 x 80 = 1728 kN
Steel:    7846 x 250 / 1.10     = 1783 kN
```

ಎರಡೂ ಹೆಚ್ಚುಕಡಿಮೆ ಸಮ. ಸ್ಟೀಲ್ ಸ್ವಲ್ಪ ಜಾಸ್ತಿ ಇರುವುದರಿಂದ ನ್ಯೂಟ್ರಲ್ ಆಕ್ಸಿಸ್ ಮೇಲಿನ ಫ್ಲ್ಯಾಂಜಿನೊಳಗೆ ಬರುತ್ತದೆ, 0.9 ಮಿ.ಮೀ. ಆಳದಲ್ಲಿ. ಕಾಂಕ್ರೀಟಿನ ಬಲವನ್ನು 80ರ ಅರ್ಧದಲ್ಲಿ ಇಟ್ಟಿದ್ದೇನೆ, ಅದು ಸುರಕ್ಷಿತ ಬದಿ.

```
M_full = 1783 x 0.290 - 55.2 x 0.090 = 512 kNm
M_bare = 1176 x 10^3 x 250 / 1.10    = 267 kNm
```

ಬರೀ ಸ್ಟೀಲ್ 267, ಬೇಕಾದದ್ದು 351.6. ಈ ವ್ಯತ್ಯಾಸವನ್ನು ತುಂಬುವುದು ಸ್ಟಡ್‌ಗಳು.

ಸ್ಟಡ್ ಎಷ್ಟು?

19 ಮಿ.ಮೀ. ಸ್ಟಡ್, ವೆಲ್ಡ್ ಆದ ಮೇಲೆ 100 ಎತ್ತರ, fu 450. ರಿಬ್‌ನ ಮೇಲೆ 50 ಉಳಿಯುತ್ತದೆ, ತಲೆಯ ಮೇಲೆ 30 ಕಾಂಕ್ರೀಟ್. ಎರಡೂ ಸಾಕು.

```
Stud:     0.8 x 450 x 283.5 / 1.25                = 81.7 kN
Concrete: 0.29 x 19^2 x sqrt(24 x 27386) / 1.25   = 67.9 kN
kt = 0.85 (1 stud per rib, deck <= 1 mm)
P = 0.85 x 67.9 = 57.7 kN
```

ಪೂರ್ತಿ ಬಲಕ್ಕೆ 1728/57.7, ಅಂದರೆ ಅರ್ಧ ಬೀಮಿಗೆ 30, ಇಡೀ ಬೀಮಿಗೆ 60 ಸ್ಟಡ್. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ 60 ಎಂದು ಡ್ರಾಯಿಂಗ್‌ನಲ್ಲಿ ಬರೆದುಬಿಡುತ್ತಾರೆ. ಆದರೆ ಅವನ್ನು ಕೂರಿಸುವುದು ಎಲ್ಲಿ? ಸ್ಟಡ್ ರಿಬ್‌ನೊಳಗೇ ಕೂರಬೇಕು. ಅರ್ಧ ಬೀಮಿನ 4 ಮೀಟರಿನಲ್ಲಿ ಸಿಗುವುದು 13 ರಿಬ್ ಮಾತ್ರ. ಒಂದು ರಿಬ್‌ಗೆ ಪಕ್ಕಪಕ್ಕ ಎರಡು ಹಾಕೋಣವೆಂದರೆ ನಡುವೆ 76 ಮಿ.ಮೀ. ಬೇಕು, ಆಗ ಫ್ಲ್ಯಾಂಜಿನ ಅಂಚಿಗೆ 22.5 ಉಳಿಯುತ್ತದೆ. ಈ ಕೆಲಸಕ್ಕೆ ನಾವು ಇಟ್ಟುಕೊಂಡ ಮಿತಿ 25. ಐಎಸ್‌ಎಂಬಿ 400ರ ಫ್ಲ್ಯಾಂಜ್ 140 ಅಷ್ಟೇ. ಹಾಗಾಗಿ ಎರಡು ಬೇಡ. ಒಂದು ರಿಬ್‌ಗೆ ಒಂದೇ.

```
Force = 13 x 57.7 = 750 kN
Degree = 750 / 1728 = 0.434  (min 0.40)
M = 267 + 0.434 x (512 - 267) = 373 kNm
373 > 351.6, use = 0.94
```

ಪೂರ್ತಿ ಬಲದಲ್ಲಿ ಸ್ಟಡ್‌ಗಳು ಹೊರುವ ಪಾಲೇ ಇಲ್ಲಿ ಮಟ್ಟ. ಕನಿಷ್ಠ ಮಟ್ಟದ ಸೂತ್ರ 8 ಮೀಟರಿಗೆ 0.28 ಕೊಡುತ್ತದೆ, ಆದರೆ 0.40ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಕೊನೆಯ ಸಾಲಿನಲ್ಲಿ ನೇರ ಗೆರೆಯ ಲೆಕ್ಕ ಹಿಡಿದಿದ್ದೇನೆ. ಪ್ಲಾಸ್ಟಿಕ್ ಲೆಕ್ಕ ಪೂರ್ತಿ ಮಾಡಿದರೆ ಇನ್ನೂ ಸ್ವಲ್ಪ ಬಲ ಸಿಗುತ್ತದೆ, ಅದನ್ನು ಹೆಚ್ಚಿನ ಭದ್ರತೆಗೆ ಬಿಟ್ಟಿದ್ದೇನೆ.

0.94 ಅಂದರೆ ಬಿಗಿ. ಅದಕ್ಕೇ ಒಂದು ರಿಬ್ ಕಳೆದರೆ ಏನಾಗುತ್ತದೆ ಎಂದೂ ನೋಡಿದೆ. ಅರ್ಧಕ್ಕೆ 12 ಸ್ಟಡ್ ಆದರೆ ಮಟ್ಟ 0.401, ಮೊಮೆಂಟ್ 365. ತಡೆಯುತ್ತದೆ. 11 ಆದರೆ ಮೊಮೆಂಟ್ 357 ಬಂದು ಕಾಗದದ ಮೇಲೆ ಪಾಸಾದಂತೆ ಕಾಣುತ್ತದೆ, ಆದರೆ ಮಟ್ಟ 0.37ಕ್ಕೆ ಇಳಿಯುತ್ತದೆ. ತುದಿಯ ಸ್ಟಡ್‌ಗಳು ಜಾರಿ, ಮಧ್ಯದವು ಕೆಲಸಕ್ಕೆ ಬರುವ ಮೊದಲೇ ಮುರಿಯುವ ಅಪಾಯ ಇರುವುದು ಇಲ್ಲಿ. 12 ನಮ್ಮ ಕೊನೆಯ ಗೆರೆ.

ಉಳಿದ ಪರೀಕ್ಷೆಗಳು

ಶಿಯರ್ ತಡೆಯುವ ಬಲ 467 kN. ನಮ್ಮದು 175.8, ಅರವತ್ತು ಪರ್ಸೆಂಟಿಗಿಂತ ತುಂಬಾ ಕೆಳಗೆ. ಮೊಮೆಂಟ್ ಕಡಿಮೆ ಮಾಡಬೇಕಿಲ್ಲ.

ಕಾಂಕ್ರೀಟ್ ಹಸಿಯಿರುವಾಗ ಸ್ಟೀಲ್ ಒಂದೇ ಹೊರಬೇಕು. ಕೆಲಸದವರ ಲೋಡ್ ಚದರ ಮೀಟರಿಗೆ 1.5 kN ಸೇರಿಸಿ ಮೊಮೆಂಟ್ 164 kNm, ಮಿತಿ 267. ಡೆಕ್ ಶೀಟನ್ನು ಪ್ರತಿ ರಿಬ್‌ನಲ್ಲೂ ಬೀಮಿಗೆ ಬಿಗಿದಿದ್ದರೆ ಮೇಲಿನ ಫ್ಲ್ಯಾಂಜ್ ಪಕ್ಕಕ್ಕೆ ವಾಲುವುದಿಲ್ಲ. ಬಿಗಿಯದೆ ಕಾಂಕ್ರೀಟ್ ಸುರಿಯಬಾರದು. ಹಸಿ ಕಾಂಕ್ರೀಟಿನ ತೂಕಕ್ಕೆ ಬೀಮ್ ಬಗ್ಗುವುದು 12 ಮಿ.ಮೀ., ಪ್ರಾಪ್ ಬೇಡ.

ಆಮೇಲಿನ ಲೋಡಿಗೆ ಮಾಡ್ಯುಲರ್ ರೇಶಿಯೊ 15 ಹಿಡಿದರೆ I 59,050 cm⁴, ಬರೀ ಸ್ಟೀಲಿನ ಸುಮಾರು 2.9 ಪಟ್ಟು. ಬಗ್ಗುವುದು 9.1 ಮಿ.ಮೀ. ಆದರೆ ಸ್ಟಡ್ ಕಡಿಮೆಯಿರುವುದರಿಂದ ಸ್ಲ್ಯಾಬ್ ಸ್ವಲ್ಪ ಜಾರುತ್ತದೆ. ಅದನ್ನು ಸೇರಿಸಿದರೆ 12. ಒಟ್ಟು 24 ಮಿ.ಮೀ., ಮಿತಿ 8000/250 = 32. ಲೈವ್ ಲೋಡಿನದ್ದು ಮಾತ್ರ 9, ಮಿತಿ 22.

ಬೀಮಿನುದ್ದಕ್ಕೂ ಸ್ಲ್ಯಾಬ್ ಸೀಳದಿರಲು ಬೀಮಿಗೆ ಅಡ್ಡಲಾಗಿ ಕಂಬಿ ಬೇಕು. ಒಂದು ಬದಿಗೆ ಮೀಟರಿಗೆ 96 kN, ಅದಕ್ಕೆ ಬೇಕಾದದ್ದು 221 ಚ.ಮಿ.ಮೀ. 8 ಎಂಎಂ ಕಂಬಿ 200ಕ್ಕೆ ಒಂದು ಹಾಕಿದರೆ 251 ಸಿಗುತ್ತದೆ. ಕಂಬಿ ಸ್ಟಡ್ ತಲೆಯ ಕೆಳಗೆ ಹೋಗಬೇಕು.

ಸೈಟಿಗೆ

ಡೆಕ್ ಹಾಸಿದ ಕೂಡಲೇ, ವೆಲ್ಡಿಂಗ್ ಶುರುವಾಗುವ ಮೊದಲು, ಪ್ರತಿ ಬೀಮಿನ ಮೇಲೂ ರಿಬ್ ಎಣಿಸಬೇಕು. ಶೀಟ್ ಸ್ವಲ್ಪ ಸರಿದರೂ ತುದಿಯ ರಿಬ್ ಕೈತಪ್ಪುತ್ತದೆ. ಬೀಮಿನ ಮಧ್ಯದಿಂದ ಒಂದೊಂದು ಬದಿಗೂ 13 ಬರಬೇಕು. 12ಕ್ಕಿಂತ ಕಡಿಮೆ ಬಂದರೆ ಕೆಲಸ ನಿಲ್ಲಿಸಿ ನನಗೆ ಫೋನ್ ಮಾಡಿ.

ಬೀಮಿನ ಮೇಲಿನ ಫ್ಲ್ಯಾಂಜಿಗೆ ಪೇಂಟ್ ಬೇಡ. ಶೀಟಿನ ಕೆಳಗೆ ನೀರು ನಿಂತಿದ್ದರೆ ವೆಲ್ಡ್ ಹಿಡಿಯುವುದಿಲ್ಲ, ತೂತು ಬೀಳುತ್ತದೆ. ಸೆರಾಮಿಕ್ ರಿಂಗ್‌ಗಳನ್ನು ಒಣಗಿದ ಜಾಗದಲ್ಲಿ ಇಡಿ. ಸ್ಟಡ್ ಗನ್‌ಗೆ ಕರೆಂಟ್ ಜೋರಾಗಿ ಬೇಕು, ಸೈಟಿನ ಲೈನ್ ನಂಬದೆ ಜನರೇಟರ್ ತರಿಸಿ.

ಪ್ರತಿ ಸ್ಟಡ್ ಬುಡದಲ್ಲಿ ಸುತ್ತಲೂ ವೆಲ್ಡ್ ಕಾಣಬೇಕು. ಎಲ್ಲಿ ಸುತ್ತು ತುಂಬಿಲ್ಲವೋ, ಅದನ್ನು ತುಂಬದ ಬದಿಯಿಂದ ಆಚೆಗೆ ಸುತ್ತಿಗೆಯಲ್ಲಿ 15 ಡಿಗ್ರಿ ಬಗ್ಗಿಸಿ. ಬಿರುಕು ಬರದಿದ್ದರೆ ಹಾಗೇ ಬಿಡಿ, ನೆಟ್ಟಗೆ ಮಾಡಬೇಡಿ. ಬಿರುಕು ಬಂದರೆ ಕಿತ್ತು ಅದೇ ರಿಬ್‌ನಲ್ಲಿ ಹೊಸದು ಹಾಕಿ.